ಐವತ್ತು ಗಂಟೆ ಎರಡಾದದ್ದು

ನನಗೆ ಮೋಸ ಮಾಡಿದ್ದು ಕಂಪ್ಯೂಟರ್ ಅಲ್ಲ, ನನ್ನ ತಂಗಿಯ ಮಗ.

ಮುಂಬೈಯ ಮಾಟುಂಗದ ಹೋಟೆಲಿಗೆ ಅವನನ್ನು ಸೇರಿಸಿದ್ದೇ ನಾನು. ಈಗ ಅವನು ಅಲ್ಲಿ ಮ್ಯಾನೇಜರ್, ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುವವಳು. ಎಲ್ಲರ ಕೆಲಸದ ಗಂಟೆಗಳನ್ನು ಕಂಪ್ಯೂಟರಿಗೆ ಹಾಕುವವನು ಅವನೇ.

ಮೊನ್ನೆ ಧಣಿಗಳು ನನ್ನನ್ನು ಕರೆಸಿದರು. "ಅಮ್ಮ, ವಾರಕ್ಕೆ ಎರಡೇ ಗಂಟೆ ಬರ್ತೀರಂತೆ. ಇನ್ನು ಮನೇಲಿ ಆರಾಮ್ ಮಾಡಿ."

"ಮತ್ತೆ ನಿಮ್ಮ ಚಟ್ನಿಗೆ ದಿನಾ ಕಾಯಿ ತುರೀತಿದ್ದದ್ದು ಯಾರು, ದೆವ್ವವಾ?" ಎಂದೆ.

ದಿನವಿಡೀ ನನ್ನನ್ನು ನೋಡುವ ತಂಗಿಯ ಮಗ ಪಕ್ಕದಲ್ಲೇ ನಿಂತಿದ್ದ. ಫೋನ್ ನೋಡತೊಡಗಿದ.

ಹೋಟೆಲಿನ ಲೆಕ್ಕ ನೋಡುವ ಹೆಂಗಸು ಕಂಪ್ಯೂಟರಿನಲ್ಲಿ ನನ್ನ ಹಾಳೆಯನ್ನು ತೆರೆದಳು. ಒಂದೊಂದು ದಿನದ ಗಂಟೆಯೂ ಸರಿಯಾಗಿತ್ತು. ಮೊತ್ತ ಮಾತ್ರ ಗಡಿಯಾರದ ಹಾಗೆ, ಇಪ್ಪತ್ತನಾಲ್ಕು ತುಂಬಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಎರಡು ಸುತ್ತು ಮುಗಿದ ಮೇಲೆ ಉಳಿದದ್ದನ್ನಷ್ಟೇ ತೋರಿಸಿತ್ತು. ಅವಳು ಮೊತ್ತ ತೋರಿಸುವ ಫಾರ್ಮ್ಯಾಟ್ ಬದಲಿಸಿದಳು, ಐವತ್ತು ಬಂತು. ಆಮೇಲೆ ತಂಗಿಯ ಮಗನ ಹಾಳೆಯನ್ನೂ ನೋಡಿ, "ನಿಮ್ಮದು ಸರಿಯಾಗೇ ಇದೆಯಲ್ಲ ಸರ್?" ಎಂದಳು.

"ಅದನ್ನ ಹೋದ ತಿಂಗಳೇ ಸರಿ ಮಾಡ್ಕೊಂಡೆ." ನನ್ನ ಕಡೆ ತಿರುಗಿದ. "ದೊಡ್ಡಮ್ಮ, ನಿಮ್ಮದನ್ನ ಆಮೇಲೆ ಮಾಡುವ ಅಂತಿದ್ದೆ."

"ನನ್ನನ್ನ ಹೊರಗೆ ಹಾಕಿದ ಮೇಲಾ?"

ಧಣಿಗಳು ತಲೆ ತಗ್ಗಿಸಿ, "ನಾಳೆ ಬನ್ನಿ ಅಮ್ಮ" ಎಂದರು.

ಅವನಿಗೆ ಹೋಟೆಲ್ ಊಟ ಸೇರುವುದಿಲ್ಲ, ದಿನಾ ನಾನೇ ಅವನ ಡಬ್ಬಿಯನ್ನೂ ಒಯ್ಯುತ್ತಿದ್ದೆ. ಮರುದಿನ ಬೆಳಿಗ್ಗೆ ನನಗೊಬ್ಬಳಿಗೇ ಡಬ್ಬಿ ಕಟ್ಟಿಕೊಂಡು ಲೋಕಲ್ ರೈಲು ಹತ್ತಿದೆ.