ಲೈನು ಸಿಕ್ಕಿಬಿಟ್ಟಿತು

ಗೆಳೆಯ ಬೀರಯ್ಯನ ಮಾತಿಗೆ ಷೇರು ಕೊಂಡು ಕೈಸುಟ್ಟುಕೊಂಡ ಮೇಲೆ, ಗುಬ್ಬಿಯ ಕದರಯ್ಯ ಮೇಷ್ಟ್ರು ತಮಗೊಂದು ಕಾನೂನು ಮಾಡಿಕೊಂಡರು. ಕೊಳ್ಳುವ ಮುಂಚೆ, ತಾವೇ ಬರೆದಿಟ್ಟ ಚೀಟಿಯ ಐದೂ ಪ್ರಶ್ನೆಗೆ ಟಿಕ್ ಬೀಳಬೇಕು. ಒಂದು ತಪ್ಪಿದರೂ ಕೊಳ್ಳುವಂತಿಲ್ಲ. ಈ ಶಿಸ್ತಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಭಾಷಣವೂ ಆಗಿತ್ತು.

ಅಂಚೆ ಕಚೇರಿಯಲ್ಲಿ ಬೆಂಗಳೂರಿನ ಬ್ರೋಕರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಕಾಯುತ್ತ ಚೀಟಿ ತುಂಬಿದರು. ಎಷ್ಟು ಹಾಕುವುದು, ಎಷ್ಟಕ್ಕಿಳಿದರೆ ಮಾರುವುದು, ಎಲ್ಲ ಸರಿ. ಕೊನೆಯದು: ‘ಇದು ಯಾರದೋ ಮಾತಲ್ಲ, ನನ್ನದೇ ವಿಚಾರ ತಾನೇ?’ ಪೆನ್ನು ನಿಂತಿತು. ಈ ಸಲವೂ ಹೇಳಿದವನು ಬೀರಯ್ಯನೇ.

“ಮನೆ ಕಟ್ಟೋ ದುಡ್ಡು ಕಣ್ರೀ, ಬುಡಿ,” ಎಂದರು ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೊಂಬಾಳಮ್ಮ.

“ಬುಟ್ಟೆ ಕಣೇ,” ಎಂದು ಚೀಟಿ ಮಡಿಸಿದರು.

ಗುಮಾಸ್ತ ಕೂಗಿದ, “ಮೇಷ್ಟ್ರೇ, ಬೆಂಗ್ಳೂರು ಸಿಕ್ತು, ಬನ್ನಿ.”

ಬೆಳಗಿನಿಂದ ಕಾದ ಲೈನು. ಮೇಷ್ಟ್ರು ಎದ್ದುಹೋಗಿ ಕೊಂಡೇಬಿಟ್ಟರು.

“ಏನ್ ಮಾಡ್ಲಿ ಹೊಂಬಾಳು,” ಎಂದರು ಹೊರಬಂದು, “ಲೈನ್ ಸಿಕ್ಬುಡ್ತು.”