ತಲೆಕೆಳಗಾದ ಆರು

ಆ ಪ್ರೆಸ್ಸಿನಲ್ಲಿ ಡಿಸೈನ್ ಮಾಡುವವಳನ್ನು ಎಲ್ಲರೂ ಅಕ್ಷರದಕ್ಕ ಅನ್ನುತ್ತಿದ್ದರು. ಅಚ್ಚುಮೊಳೆ ಜೋಡಿಸಿ ಬೆರಳು ಕಪ್ಪು ಮಾಡಿಕೊಂಡವಳು, ಕಂಪ್ಯೂಟರನ್ನು ತಾನೇ ತಡಕಾಡಿ ಕಲಿತವಳು. ಮಧ್ಯಾಹ್ನ ಫ್ಯಾನಿನ ಗುಂಯ್ ಸದ್ದಿಗೆ ಪರದೆಯ ಅಕ್ಷರಗಳು ತಂತಿಯ ಮೇಲೆ ಕೂತ ಹಕ್ಕಿಗಳಂತೆ ತೂಗಿದಂತೆ ಕಾಣುತ್ತಿದ್ದವು.

ಅಂಥ ಹೊತ್ತಿನಲ್ಲೇ ಗಡಿಯಾರ ರಿಪೇರಿಯವರ ಮಗಳು ಬಂದಳು. ಕೈಯಲ್ಲಿ ಅಪ್ಪನ ಹಳೇ ವಿಸಿಟಿಂಗ್ ಕಾರ್ಡು.

"ಅಕ್ಕಾ, ಫೋನ್ ನಂಬರಿನ ಕೊನೆ ಮೂರಂಕಿ ಬದಲಾಗಿದೆ. 641 ಇದ್ದದ್ದು 914 ಆಗಬೇಕು. ಬೇರೇನೂ ಮುಟ್ಟಬೇಡಿ. ಅಪ್ಪ ಹಾಸಿಗೆ ಹಿಡಿದಿದ್ದಾರೆ. 'ಕಾರ್ಡು ನನ್ನದೇ ಅನ್ನಿಸಿದ್ರೆ ಮಾತ್ರ ಅಂಗಡಿ ಬಾಗಿಲು ತೆಗಿ' ಅಂತ ಹಟ."

"ಮೂರಂಕಿ ತಾನೇ? ಕೂತ್ಕೋ, ಈಗ ಆಯ್ತು," ಅಂದಳು ಅಕ್ಕ.

ಆಗಲಿಲ್ಲ. ಡಿಸೈನ್ ಮಾಡುವ ಇಲಸ್ಟ್ರೇಟರ್ ತಂತ್ರಾಂಶದಲ್ಲಿ ಕಾರ್ಡಿನ ಫೈಲು ತೆರೆಯಿತು. ಅಕ್ಷರದ ಉಪಕರಣ ಹಿಡಿದು ಅಂಕಿಯ ಮೇಲೆ ಒತ್ತಿದರೆ ಹಳೆಯ ಸಾಲು ಮಿಸುಕಲಿಲ್ಲ. ಅಕ್ಷರಗಳೆಲ್ಲ ಬರೀ ಗೆರೆಯ ಆಕಾರಗಳಾಗಿದ್ದವು. ಅಚ್ಚು ಹಾಕುವವರಲ್ಲಿ ಆ ಫಾಂಟು ಇರಲಿ ಬಿಡಲಿ, ಅಕ್ಷರ ಕೆಡದಿರಲೆಂದು, ಅಂದು ಕಾರ್ಡು ಮಾಡಿದಾಗ ಅವನ್ನು ಹೀಗೆ ಔಟ್‌ಲೈನ್ ಮಾಡಿದವಳು ತಾನೇ. ಮಾಡಿ, ಬೇರೆ ಹೆಸರಿನಲ್ಲಿ ಇಡದೆ ಮೂಲದ ಮೇಲೇ ಸೇವ್ ಮಾಡಿದ್ದಳು. ಫಾಂಟು ಇದ್ದ ಹಳೇ ಕಂಪ್ಯೂಟರು ಗುಜರಿ ಸೇರಿ ಎಷ್ಟು ಕಾಲವಾಯಿತೋ!

"ಯಾರೋ ಎಡವಟ್ಟು ಮಾಡಿದ್ದಾರೆ," ಎಂದು ಗೊಣಗಿ, "ಯಾರೋ ಅಲ್ಲ ಕಣೇ, ನಾನೇ," ಅಂದಳು.

ಹೋಲುವ ಫಾಂಟು ಹುಡುಕಿ ಹಾಕಿ ನೋಡಿದಳು. ಆ ನಾಲ್ಕರ ಹೊಟ್ಟೆ ದಪ್ಪ, ಒಂದರ ಕಾಲು ಗಿಡ್ಡ. ಹುಡುಗಿ ಮೂಗು ಮುರಿದಳು: "ಅಪ್ಪ ಒಂದೇ ನೋಟಕ್ಕೆ ಹಿಡೀತಾರೆ."

ಅಕ್ಕ ಹಿಂದಕ್ಕೆ ಒರಗಿ ಕಣ್ಣು ಅರೆ ಮುಚ್ಚಿದಳು. ಕಾರ್ಡಿನ ಅಂಕಿಗಳು ತೇಲಿದವು. ಒಂದಿದೆ, ನಾಲ್ಕಿದೆ. ಒಂಬತ್ತಿಲ್ಲ. ಆದರೆ ಆರಿದೆ! ಅದು ಗಾಳಿಯಲ್ಲಿ ಮೆಲ್ಲಗೆ ಮಗ್ಗುಲಾಗಿ ತಲೆಕೆಳಗಾದಂತೆ ಅನಿಸಿತು. ಕಣ್ಣು ಬಿಟ್ಟಳು.

ಒಟ್ಟಿಗೆ ಕಟ್ಟಿದ್ದ ಆಕಾರಗಳ ಗುಂಪು ಬಿಡಿಸಿ, ಒಂದೊಂದೇ ಅಂಕಿಯ ನಕಲು ತೆಗೆದಳು. ಆರನ್ನು ನೂರೆಂಬತ್ತು ಡಿಗ್ರಿ ತಿರುಗಿಸಿದಳು. ಸಾಲಿನ ಬುಡಕ್ಕೆ ಗೈಡ್ ಗೆರೆ ಎಳೆದು ಅಂಕಿಗಳನ್ನು ಕೂರಿಸಿ, ನಡುವಿನ ಸಂದುಗಳನ್ನು ಕಣ್ಣಳತೆಯಲ್ಲಿ ಸರಿಮಾಡಿದಳು. ಈ ಸಲ ಬೇರೆ ಹೆಸರಿನಲ್ಲೇ ಸೇವ್ ಮಾಡಿ, ಒಂದು ಕಾರ್ಡು ಪ್ರಿಂಟ್ ತೆಗೆದು, ತಾನೇ ಹುಡುಗಿಯ ಜೊತೆಗೆ ಅವಳ ಮನೆಗೆ ಹೋದಳು.

ಹಾಸಿಗೆಯಲ್ಲಿದ್ದ ಮುದುಕರು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡರು. ಕೋಣೆಯ ಗಡಿಯಾರಗಳೆಲ್ಲ ಅವರ ಮಾತಿಗೆ ಕಾದಿರುವಂತೆ ಟಿಕಟಿಕ ಎಂದವು.

"ಒಂಬತ್ತು ಎಲ್ಲಿಂದ ತಂದೆ, ತಾಯಿ?"

"ನಿಮ್ಮ ಆರನ್ನೇ ಮಗುಚಿದೆ, ಅಜ್ಜಾರೇ."

ಅವರು ಬಹಳ ಹೊತ್ತು ನೋಡಿದರು. "ನನ್ನದೇ," ಎಂದರು. ದಿಂಬಿನಡಿಯಿಂದ ಅಂಗಡಿಯ ಬೀಗದ ಕೈ ತೆಗೆದು ಮಗಳ ಕೈಯಲ್ಲಿಟ್ಟರು.