ಕಾಲು ತಟ್ಟೆ ಅನ್ನ

ಬಸುರಿಯಾಗಿದ್ದಾಗ ನನಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಹೊಸನಗರದಲ್ಲಿ ಡಾಕ್ಟರು ಒಂದು ಕರಪತ್ರ ಕೊಟ್ಟರು. ಓಟ್ಸು ಗೀಟ್ಸು ಏನಿಲ್ಲ, ನಮ್ಮ ಅಡುಗೆಮನೆಯದೇ ಊಟ. ತಟ್ಟೆಯ ಅರ್ಧ ಸೊಪ್ಪು, ಪಲ್ಯ. ಕಾಲು ಭಾಗ ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ, ಅಂದರೆ ಒಂದು ಸಣ್ಣ ಬಟ್ಟಲು. ಬೆಲ್ಲವೂ ಸಕ್ಕರೆಯೇ ಎಂದು ದಪ್ಪಕ್ಷರದಲ್ಲಿತ್ತು. ಶಾಲೆ ಮಕ್ಕಳಿಗೂ ಅರ್ಥವಾಗುವಂಥದ್ದು. ನಮ್ಮತ್ತೆಗೆ ಮಾತ್ರ ಆಗಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಓದಿ, ಬಟ್ಟಲಿನ ಮಾತನ್ನು ನುಂಗಿ, ಕಾಲು ಭಾಗವನ್ನಷ್ಟೇ ಹಿಡಿದುಕೊಂಡರು. ತಟ್ಟೆಯ ಒಂದು ಬದಿಗೆ ಅನ್ನ ಸುರಿದು, ಸೌಟಿನಿಂದ ಒತ್ತಿ, ಮೇಲೆ ಮತ್ತೆ ಸುರಿಯುತ್ತಿದ್ದರು. ಅಗಲ ಕಾಲೇ, ಎತ್ತರ ಕೊಡಚಾದ್ರಿ.

"ಅತ್ತೆ, ಜಾಸ್ತಿಯಾಯ್ತು."

"ಕಾಲು ಭಾಗ ಅಂತ ಬರ್ದಿದಾರೆ ಮಾರಾಯ್ತಿ. ಎಷ್ಟು ಎತ್ತರ ಅಂತ ಬರ್ದಿದಾರಾ?"

ಗಂಡನೆಂಬ ಮಹಾಶಯ ಮೀನಿನ ಮುಳ್ಳು ಬಿಡಿಸುತ್ತ, ಹೌದಲ್ಲ ಎಂದು ತಲೆಯಾಡಿಸಿದ. ಡಿಗ್ರಿ ಮುಗಿಸಿದವನು.

ಮುಂದಿನ ತಪಾಸಣೆಯಲ್ಲಿ ಊಟದ ನಂತರದ ಸಕ್ಕರೆ ಏರಿತ್ತು. ಮರುದಿನ ಮಧ್ಯಾಹ್ನ ಅತ್ತೆ ಬಡಿಸಿದ ಗುಡ್ಡವನ್ನು ಸಣ್ಣ ಬಟ್ಟಲಿನಲ್ಲಿ ಅವರೆದುರೇ ಅಳೆದೆ. ಮೂರು ಬಟ್ಟಲು ತುಂಬಿತು. ಒಂದನ್ನು ನನ್ನ ತಟ್ಟೆಗೆ ಹಾಕಿಕೊಂಡು ಉಳಿದೆರಡನ್ನು ಅವರತ್ತ ತಳ್ಳಿದೆ.

"ಇದು ಯಾರಿಗೆ ಅತ್ತೆ?"

"ಹೊಟ್ಟೇಲಿರೋ ಮಗೂಗೆ."

"ಅದಕ್ಕೆ ಹಲ್ಲು ಬಂದ್ಮೇಲೆ ಬಡ್ಸಿ. ಈಗ ನಿಮ್ಮ ಮಗಂಗೆ ಹಾಕಿ, ಅವ್ರು ಎತ್ತರ ನೋಡಲ್ಲ."